ಓಡದ ಸ್ಟೆಪ್ನಿಗೂ ವಯಸ್ಸಾಗುತ್ತದೆ: ಟೈರ್ ಮೇಲಿನ ನಾಲ್ಕು ಅಂಕಿ ಏನು ಹೇಳುತ್ತವೆ?

ಟೈರ್ ಚೆನ್ನಾಗಿದೆಯಾ ಅಂತ ನೋಡಲು ನಾವೆಲ್ಲ ಮಾಡುವುದು ಒಂದೇ ಕೆಲಸ. ಬಗ್ಗಿ ಬಟನ್ ನೋಡುತ್ತೇವೆ. ಬಟನ್ ಆಳವಾಗಿದ್ದರೆ ಟೈರ್ ಗಟ್ಟಿ, ಸವೆದಿದ್ದರೆ ಬದಲಿಸಬೇಕು. ದಿನಾ ಓಡುವ ಗಾಡಿಗೆ ಈ ಲೆಕ್ಕ ಸಾಕು. ವರ್ಷಕ್ಕೆ ಇಪ್ಪತ್ತು ಸಾವಿರ ಕಿಲೋಮೀಟರ್ ಓಡುವ ಟ್ಯಾಕ್ಸಿಯ ಟೈರ್ ಮುದಿಯಾಗುವ ಮೊದಲೇ ಸವೆದು ಹೋಗುತ್ತದೆ.

ಆದರೆ ನಮ್ಮ ಜಿಲ್ಲೆಯಲ್ಲಿ ಇನ್ನೊಂದು ಥರದ ಕಾರುಗಳು ಬಹಳ ಇವೆ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ತೋಟದ ಮನೆಗಳಲ್ಲಿ, ಕುಮಟಾ, ಅಂಕೋಲಾ, ಕಾರವಾರದ ಮನೆಗಳ ಶೆಡ್ಡಿನಲ್ಲಿ ನಿಂತಿರುವ ಕಾರುಗಳು. ಮಕ್ಕಳು ಬೆಂಗಳೂರಿನಲ್ಲಿ. ಅಪ್ಪ ಅಮ್ಮ ವಾರಕ್ಕೊಮ್ಮೆ ಪೇಟೆಗೆ ಹೋಗಿ ಬರುತ್ತಾರೆ. ಮಳೆಗಾಲದಲ್ಲಿ ಅದೂ ಇಲ್ಲ. ಎಂಟು ವರ್ಷವಾದರೂ ಮೀಟರ್ ಮೂವತ್ತು ಸಾವಿರ ದಾಟಿರುವುದಿಲ್ಲ. ಇಂಥ ಕಾರಿನಲ್ಲಿ ಟೈರ್ ಸವೆಯುವ ಮೊದಲೇ ಮುದಿಯಾಗುತ್ತದೆ. ಬಟನ್ ನೋಡಿದರೆ ಅದು ಗೊತ್ತೇ ಆಗುವುದಿಲ್ಲ. ಇವೆಲ್ಲಕ್ಕಿಂತ ಜಾಸ್ತಿ ನಂಬಿಸಿ ಕೈಕೊಡುವುದು ಡಿಕ್ಕಿಯಲ್ಲಿ ಮಲಗಿರುವ ಸ್ಟೆಪ್ನಿ. ಅದು ಓಡಿಯೇ ಇರುವುದಿಲ್ಲವಲ್ಲ, ಹಾಗಾಗಿ ಅದನ್ನು ಎಲ್ಲರೂ ಹೊಸದು ಅಂದುಕೊಂಡಿರುತ್ತಾರೆ.

ನನಗೆ ಪರಿಚಯದ ನಿವೃತ್ತ ಮಾಸ್ತರ್ರೊಬ್ಬರಿದ್ದಾರೆ. ಶಿರಸಿ ಹತ್ತಿರದವರು. ಅವರ ಸಣ್ಣ ಕಾರು 2015ರದ್ದು. ಮೊದಲ ನಾಲ್ಕು ಟೈರ್‌ಗಳನ್ನು 2020ರಲ್ಲಿ ಬದಲಿಸಿದ್ದರು. ಸ್ಟೆಪ್ನಿಯನ್ನು ಮಾತ್ರ ಹಾಗೇ ಬಿಟ್ಟರು. ಅದು ಒಂದು ಸಲವೂ ಇಳಿದಿರಲಿಲ್ಲ. ಹೊಸ ಟೈರಿನ ಮೇಲೆ ರಬ್ಬರಿನ ಸಣ್ಣ ಕೂದಲಿನಂಥವು ಇರುತ್ತವೆ ನೋಡಿ, ಅವೂ ಉದುರಿರಲಿಲ್ಲ. ಅಂಗಡಿಯವರೂ ‘ಇದಕ್ಕೇನಾಗಿದೆ, ಹೊಸದೇ ಇದೆ’ ಅಂದರು. ಮಾಸ್ತರ್ರಿಗೆ ಒಂದು ಟೈರಿನ ದುಡ್ಡು ಉಳಿಯಿತು.

2023ರ ಮೇ ತಿಂಗಳಲ್ಲಿ ಕಾರವಾರದಲ್ಲಿ ಮದುವೆ. ಐದು ಜನ, ಡಿಕ್ಕಿ ತುಂಬ ಸಾಮಾನು. ದೇವಿಮನೆ ಘಟ್ಟ ಇಳಿದು ಕುಮಟಾ ದಾಟಿ ಮಿರ್ಜಾನ್ ಹತ್ತಿರ ಬರುವಾಗ ಎಡಗಡೆ ಮುಂದಿನ ಟೈರಿಗೆ ಮೊಳೆ ಹೊಕ್ಕಿತು. ಸ್ಟೆಪ್ನಿ ಹಾಕಿದರು. ಅದರಲ್ಲಿ ಗಾಳಿ ಕಡಿಮೆ ಇತ್ತು. ಮಾಸ್ತರ್ರು ಜಾಗ್ರತೆಯ ಮನುಷ್ಯ. ಹತ್ತಿರದ ಬಂಕಿಗೆ ನಿಧಾನ ಹೋಗಿ 33 ಪಿಎಸ್‌ಐ ಗಾಳಿ ತುಂಬಿಸಿಕೊಂಡೇ ಹೊರಟರು. ಮುಂದೆ ಚತುಷ್ಪಥ ಹೆದ್ದಾರಿ, ನೇರ ರಸ್ತೆ, ಮಧ್ಯಾಹ್ನದ ಬಿಸಿಲು, ಎಂಬತ್ತರ ಆಸುಪಾಸು ವೇಗ. ಅಂಕೋಲಾ ದಾಟುವಾಗ ಸ್ಟೇರಿಂಗ್ ಸಣ್ಣಗೆ ನಡುಗತೊಡಗಿತು. ಅವರ್ಸಾ ಹತ್ತಿರ ಬರುವಷ್ಟರಲ್ಲಿ ಎಡಗಡೆಯಿಂದ ‘ಧಪ್ ಧಪ್’ ಅಂತ ಒಂದೇ ತಾಳದ ಸದ್ದು. ನಿಲ್ಲಿಸಿ ನೋಡಿದರೆ ಟೈರಿನ ಮೇಲ್ಭಾಗದ ಅಂಚಿನಲ್ಲಿ ಅಂಗೈಯಗಲ ಉಬ್ಬು. ಗಾಳಿ ಮಾತ್ರ ಪೂರ್ತಿ ಇತ್ತು.

ಅಂಕೋಲೆಯಿಂದ ಬೈಕಿನಲ್ಲಿ ಬಂದ ಪಂಕ್ಚರ್ ಅಂಗಡಿಯ ಹುಡುಗ ಉಬ್ಬನ್ನು ಒತ್ತಿ ನೋಡಿದ. ಆಮೇಲೆ ಹೆಬ್ಬೆರಳಿನಿಂದ ಟೈರಿನ ಬದಿಯ ಧೂಳು ಒರೆಸಿ ಒಂದು ಸಣ್ಣ ಮೊಟ್ಟೆಯಾಕಾರದ ಚೌಕಟ್ಟನ್ನು ತೋರಿಸಿದ. ಅದರೊಳಗೆ 2315 ಅಂತ ಇತ್ತು.

‘ಮಾಸ್ತರ್ರೇ, ಇದು ಎರಡು ಸಾವಿರದ ಹದಿನೈದನೇ ಇಸವಿದು. ಜೂನ್ ತಿಂಗಳ ಮಾಲು.’

‘ಒಂದು ದಿನವೂ ರಸ್ತೆಗೆ ಬಿದ್ದಿಲ್ಲ ಮಾರಾಯಾ ಇದು!’

‘ಬೀಳ್ದೇ ಇದ್ರೂ ಎಂಟು ವರ್ಷ ಗಾಳಿ ತುಂಬ್ಕಂಡೇ ಇತ್ತಲ್ರಾ.’

ಆ ಹುಡುಗ ಹೇಳಿದ ಒಂದು ಮಾತಿನಲ್ಲಿ ವಿಷಯದ ಮುಕ್ಕಾಲು ಪಾಲು ಇದೆ. ಅದನ್ನು ಬಿಡಿಸಿ ನೋಡುವ ಮೊದಲು ಆ ಅಂಕಿ ಓದುವುದು ಹೇಗೆ ಅಂತ ನೋಡೋಣ.

ನಾಲ್ಕು ಅಂಕಿಯಲ್ಲಿ ಮೊದಲ ಎರಡು ವಾರ, ಕೊನೆಯ ಎರಡು ವರ್ಷ. 2315 ಅಂದರೆ 2015ನೇ ಇಸವಿಯ 23ನೇ ವಾರ. ವಾರವನ್ನು ತಿಂಗಳಿಗೆ ತಿರುಗಿಸಲು ನಾಲ್ಕೂಕಾಲರಿಂದ ಭಾಗಿಸಿದರೆ ಸಾಕು. 23ನ್ನು ಭಾಗಿಸಿದರೆ ಐದೂವರೆಗಿಂತ ಸ್ವಲ್ಪ ಕಡಿಮೆ ಬರುತ್ತದೆ, ಅಂದರೆ ಐದು ತಿಂಗಳು ಮುಗಿದು ಆರನೆಯದು ನಡೆಯುತ್ತಿದೆ. ಜೂನ್. ಹಾಗೆಯೇ 3519 ಅಂದರೆ 2019ರ ಆಗಸ್ಟ್ ಕೊನೆಯ ಹೊತ್ತು. 0523 ಅಂದರೆ 2023ರ ಜನವರಿ ಮುಗಿದು ಫೆಬ್ರವರಿ ಶುರುವಾಗುವ ಹೊತ್ತು.

ಅಂಕಿ ಇರುವ ಜಾಗ ಹುಡುಕುವುದೇ ಕೆಲವು ಸಲ ಕಷ್ಟ. ಟೈರಿನ ಬದಿಯಲ್ಲಿ DOT ಅಂತ ಮೂರು ಅಕ್ಷರ ಇದ್ದರೆ ಅಲ್ಲಿಂದ ಮುಂದಕ್ಕೆ ಓದಿ. ಕಾರ್ಖಾನೆಯ ಗುರುತು, ಅಳತೆಯ ಗುರುತು ಎಲ್ಲ ಮುಗಿದ ಮೇಲೆ ಕೊನೆಗೆ ಈ ನಾಲ್ಕು ಅಂಕಿ ಬರುತ್ತದೆ. ಸಾಮಾನ್ಯವಾಗಿ ಅದೊಂದಕ್ಕೇ ಸುತ್ತ ಒಂದು ಚೌಕಟ್ಟು ಇರುತ್ತದೆ. ಆದರೆ ಪೂರ್ತಿ ಸಂಖ್ಯೆ ಎರಡೂ ಬದಿಯಲ್ಲಿ ಇರಲೇಬೇಕು ಅಂತಿಲ್ಲ. ಬಹಳ ಟೈರ್‌ಗಳಲ್ಲಿ ಒಂದೇ ಬದಿಯಲ್ಲಿ ಇರುತ್ತದೆ, ಆ ಬದಿ ಕೆಲವು ಸಲ ಕಾರಿನ ಅಡಿಗೆ ಮುಖ ಮಾಡಿಕೊಂಡಿರುತ್ತದೆ. ಹೊರಗೆ ಹುಡುಕಿ ಸಿಗದಿದ್ದರೆ ಸ್ಟೇರಿಂಗನ್ನು ಪೂರ್ತಿ ತಿರುಗಿಸಿ, ಚಕ್ರದ ಹಿಂಬದಿಗೆ ಮೊಬೈಲ್ ಹಿಡಿದು ಫ್ಲ್ಯಾಶ್ ಹಾಕಿ ಫೋಟೋ ತೆಗೆಯಿರಿ. ಕಪ್ಪು ರಬ್ಬರಿನ ಮೇಲೆ ಕಪ್ಪು ಅಕ್ಷರ ಕಾಣದಿದ್ದರೆ ಸೀಮೆಸುಣ್ಣ ಉಜ್ಜಿ. ಉಬ್ಬಿದ ಅಂಕಿಗಳು ಬೆಳ್ಳಗೆ ಎದ್ದು ಕಾಣುತ್ತವೆ.

ಟೈರಿನ ಮೇಲೆ ಬೇರೆ ಸಂಖ್ಯೆಗಳೂ ಬೇಕಾದಷ್ಟು ಇರುತ್ತವೆ. ಅಳತೆ, ಭಾರದ ಮಿತಿ, ಐಎಸ್‌ಐ ಗುರುತಿನ ಜೊತೆಗಿನ ಪರವಾನಗಿ ಸಂಖ್ಯೆ, ಅಚ್ಚಿನ ಸಂಖ್ಯೆ. ಇವನ್ನು ಇಸವಿ ಅಂದುಕೊಂಡು ಮೋಸ ಹೋಗಬೇಡಿ. ಮೊದಲ ಎರಡು ಅಂಕಿ 01ರಿಂದ 53ರ ಒಳಗೆ ಇರಲೇಬೇಕು, ಯಾಕೆಂದರೆ ವರ್ಷಕ್ಕೆ ಅದಕ್ಕಿಂತ ಜಾಸ್ತಿ ವಾರ ಇಲ್ಲ. ಕೊನೆಯಲ್ಲಿ ನಾಲ್ಕರ ಬದಲು ಮೂರೇ ಅಂಕಿ ಇದ್ದರೆ ಆ ಟೈರ್ 2000ಕ್ಕಿಂತ ಮೊದಲಿನದು. ಹಳೇ ಜೀಪು, ಮೂಲೆಗೆ ಸೇರಿದ ಟ್ರೇಲರ್‌ಗಳಲ್ಲಿ ಈಗಲೂ ಅಂಥದ್ದು ಕಂಡರೆ ಆಶ್ಚರ್ಯವಿಲ್ಲ. ಅಂಕಿ ಇರುವ ಜಾಗವನ್ನು ಯಾರೋ ಕೆರೆದು ಹಾಕಿದ್ದರೆ ಆ ಟೈರನ್ನು ಯಾವ ಬೆಲೆಗೂ ಕೊಳ್ಳಬೇಡಿ.

ಹೊಸದಾಗಿ ಬಟನ್ ಹಾಕಿಸಿದ ಲಾರಿ ಟೈರಿನಲ್ಲಿ ಒಂದು ವಿಷಯ ನೆನಪಿರಲಿ. ಮೇಲಿನ ಬಟನ್ ಹೊಸದು, ಒಳಗಿನ ಮೈ ಹಳೆಯದು. ಬದಿಯ ಮೇಲೆ ಮೊದಲಿಂದ ಇದ್ದ ನಾಲ್ಕು ಅಂಕಿ ಆ ಮೈಯ ವಯಸ್ಸನ್ನು ಹೇಳುತ್ತದೆ.

ಈಗ ಮುಖ್ಯ ಪ್ರಶ್ನೆ. ಓಡದ ಟೈರ್ ಕೆಡುವುದು ಹೇಗೆ?

ಹಳೇ ರಬ್ಬರ್ ಬ್ಯಾಂಡ್ ನೋಡಿದ್ದೀರಲ್ವಾ? ಮೇಜಿನ ಖಾನೆಯಲ್ಲಿ ಸುಮ್ನೆ ಬಿದ್ದಿದ್ದರೂ ಕೆಲವು ವರ್ಷಕ್ಕೆ ಎಳೆದರೆ ಪಟ್ಟನೆ ತುಂಡಾಗುತ್ತದೆ. ಅದನ್ನು ಕೆಡಿಸಿದ್ದು ಗಾಳಿಯಲ್ಲಿನ ಆಮ್ಲಜನಕ. ಟೈರಿನಲ್ಲೂ ಅದೇ ನಡೆಯುತ್ತದೆ. ರಬ್ಬರಿನ ಉದ್ದುದ್ದ ಸರಪಳಿಗಳನ್ನು ಗಂಧಕದ ಕೊಂಡಿಗಳು ಅಲ್ಲಲ್ಲಿ ಕಟ್ಟಿರುತ್ತವೆ. ಅದರಿಂದಲೇ ರಬ್ಬರ್ ಎಳೆದರೆ ಎಳೆದು, ಬಿಟ್ಟರೆ ಮೊದಲಿನಂತಾಗುತ್ತದೆ. ಆಮ್ಲಜನಕ ಸೇರಿದಂತೆಲ್ಲ ಈ ಕಟ್ಟು ಬದಲಾಗುತ್ತದೆ. ರಬ್ಬರ್ ಗಡುಸಾಗುತ್ತದೆ. ಮೊದಲು ಎಷ್ಟು ಎಳೆದರೂ ತಡೆಯುತ್ತಿದ್ದದ್ದು ಈಗ ಸ್ವಲ್ಪ ಎಳೆದರೂ ಹರಿಯುತ್ತದೆ.

ಇದು ಹೊರಗಿನಿಂದ ಮಾತ್ರ ಆಗುವುದು ಅಂತ ಬಹಳ ಜನ ತಿಳಿದಿದ್ದಾರೆ. ಬದಿಯಲ್ಲಿ ಬಿರುಕು ಕಾಣದಿದ್ದರೆ ಟೈರ್ ಚೆನ್ನಾಗಿದೆ ಅನ್ನುತ್ತಾರೆ. ಅಸಲು ಕೆಡುಕು ಒಳಗಿನಿಂದ ಬರುತ್ತದೆ. 33 ಪಿಎಸ್‌ಐ ತುಂಬಿದ ಟೈರಿನೊಳಗೆ ಗಾಳಿಯ ಒತ್ತಡ ಹೊರಗಿನ ಮೂರು ಪಟ್ಟಿಗಿಂತ ಜಾಸ್ತಿ. ಆಮ್ಲಜನಕವೂ ಅಷ್ಟೇ ಪಟ್ಟು ಒತ್ತಿಕೊಂಡಿರುತ್ತದೆ. ಟೈರಿನ ಒಳಮೈಗೆ ಗಾಳಿ ಸೋರದಿರಲಿ ಅಂತ ಬ್ಯುಟೈಲ್ ಜಾತಿಯ ರಬ್ಬರಿನ ಪದರ ಇರುತ್ತದೆ. ಅದು ಸೋರಿಕೆಯನ್ನು ತುಂಬ ಕಡಿಮೆ ಮಾಡುತ್ತದೆ, ಪೂರ್ತಿ ನಿಲ್ಲಿಸುವುದಿಲ್ಲ. ಪಂಕ್ಚರ್ ಇಲ್ಲದಿದ್ದರೂ ತಿಂಗಳಿಗೆ ಒಂದೆರಡು ಪಿಎಸ್‌ಐ ಇಳಿಯುತ್ತದಲ್ಲ, ಆ ಗಾಳಿ ಎಲ್ಲಿ ಹೋಯಿತು? ಬಹುಪಾಲು ರಬ್ಬರಿನ ಮೂಲಕವೇ ಹಾದು ಹೊರಗೆ ಹೋಯಿತು. ಹೋಗುವ ದಾರಿಯಲ್ಲಿ ಅದರ ಆಮ್ಲಜನಕದ ಒಂದಿಷ್ಟು ಪಾಲು ರಬ್ಬರಿಗೇ ಅಂಟಿಕೊಂಡಿತು.

ಆ ದಾರಿಯಲ್ಲೇ ಟೈರಿನ ತುಂಬ ನಾಜೂಕಾದ ಜಾಗ ಇದೆ. ಈಗಿನ ರೇಡಿಯಲ್ ಟೈರಿನಲ್ಲಿ ಬಟನ್ ಕೆಳಗೆ ಉಕ್ಕಿನ ತಂತಿಯ ಎರಡು ಪಟ್ಟಿಗಳು ಒಂದರ ಮೇಲೊಂದು ಓರೆಯಾಗಿ ಕೂತಿರುತ್ತವೆ. ಅವೆರಡರ ನಡುವೆ ತೆಳ್ಳನೆಯ ರಬ್ಬರ್. ಚಕ್ರ ಒಂದು ಸುತ್ತು ಬಂದಾಗಲೂ ಈ ಪಟ್ಟಿಗಳ ಅಂಚು ಒಂದರ ಮೇಲೊಂದು ಸ್ವಲ್ಪ ಜಾರುತ್ತದೆ, ನಡುವಿನ ರಬ್ಬರ್ ಆ ಎಳೆತವನ್ನೆಲ್ಲ ನುಂಗಿಕೊಳ್ಳುತ್ತದೆ. ಆ ರಬ್ಬರ್ ಗಡುಸಾಗಿದ್ದರೆ ನುಂಗಲು ಆಗುವುದಿಲ್ಲ. ಪಟ್ಟಿಯ ಅಂಚಿನಲ್ಲಿ ಕೂದಲೆಳೆಯಷ್ಟು ಬಿರುಕು ಬಿಡುತ್ತದೆ. ಬಿರುಕು ಬೆಳೆದು ಎರಡು ಪಟ್ಟಿಗಳು ಬೇರೆಯಾಗುತ್ತವೆ. ಆಗ ಮೇಲೆ ಉಬ್ಬು ಕಾಣುತ್ತದೆ, ಸ್ಟೇರಿಂಗ್ ನಡುಗುತ್ತದೆ, ಧಪ್ ಧಪ್ ಸದ್ದು ಬರುತ್ತದೆ. ಅಲ್ಲೂ ನಿಲ್ಲಿಸದಿದ್ದರೆ ಬಟನ್ ಇರುವ ಮೇಲ್ಭಾಗವೇ ಪಟ್ಟಿಯಂತೆ ಕಿತ್ತು ಬರುತ್ತದೆ. ಹೆದ್ದಾರಿಯ ಬದಿಯಲ್ಲಿ ಬಿದ್ದಿರುವ ಉದ್ದನೆಯ ಟೈರ್ ಚೂರುಗಳಲ್ಲಿ ಇಂಥವೂ ಇರುತ್ತವೆ.

ಸ್ಟೆಪ್ನಿ ಡಿಕ್ಕಿಯಲ್ಲಿ ಮಲಗಿದ್ದಾಗ ಈ ಪಟ್ಟಿಗಳು ಅಲುಗುವುದಿಲ್ಲ, ಹಾಗಾಗಿ ಬಿರುಕೂ ಬಿಡುವುದಿಲ್ಲ. ಆದರೆ ಅದರೊಳಗೆ ಒತ್ತಡದ ಗಾಳಿ ಇದೆ. ಆಮ್ಲಜನಕ ತನ್ನ ಕೆಲಸ ಮಾಡುತ್ತಲೇ ಇರುತ್ತದೆ. ವರ್ಷಗಟ್ಟಲೆ ಗಡುಸಾಗುತ್ತ ಬಂದ ರಬ್ಬರ್, ಮೊದಲ ಬಾರಿಗೆ ಪೂರ್ತಿ ಭಾರ, ವೇಗ, ಬಿಸಿ ಎಲ್ಲವನ್ನೂ ಒಟ್ಟಿಗೆ ನೋಡುತ್ತದೆ. ಮಾಸ್ತರ್ರ ಸ್ಟೆಪ್ನಿಗೆ ಆಗಿದ್ದು ಇದೇ. ಮಿರ್ಜಾನಿನಿಂದ ಬಂಕಿನವರೆಗೆ ಕಡಿಮೆ ಗಾಳಿಯಲ್ಲಿ ಓಡಿದ್ದೂ ಸ್ವಲ್ಪ ಸೇರಿಕೊಂಡಿರಬಹುದು. ಆದರೆ ಅದೇ ಟೈರ್ ಒಂದೆರಡು ವರ್ಷದ್ದಾಗಿದ್ದರೆ ಅಷ್ಟು ದೂರ ನಿಧಾನ ಓಡಿದ್ದಕ್ಕೆ ಪಟ್ಟಿ ಬಿಡುತ್ತಿತ್ತು ಅಂತ ನನಗೆ ಅನಿಸುವುದಿಲ್ಲ.

ನಿಂತ ಟೈರಿಗೆ ಇನ್ನೊಂದು ತೊಂದರೆ ಇದೆ. ರಬ್ಬರಿನ ಮಿಶ್ರಣದಲ್ಲೇ ಮೇಣ ಮತ್ತು ಓಝೋನ್ ತಡೆಯುವ ರಾಸಾಯನಿಕ ಸೇರಿಸಿರುತ್ತಾರೆ. ಟೈರ್ ಉರುಳಿ ಬಾಗಿ ಏಳುವಾಗ ಇವು ಸ್ವಲ್ಪ ಸ್ವಲ್ಪವಾಗಿ ಮೇಲ್ಮೈಗೆ ಬಂದು ಕಾಪಾಡುತ್ತವೆ. ತಿಂಗಳುಗಟ್ಟಲೆ ನಿಂತ ಟೈರಿನಲ್ಲಿ ಈ ಓಡಾಟ ಕಡಿಮೆ. ಅದರ ಮೇಲೆ ಬಿಸಿಲೂ ಬಿದ್ದರೆ ಬದಿಯಲ್ಲಿ, ಬಟನ್‌ಗಳ ಸಂದಿಯ ತಳದಲ್ಲಿ ಸಣ್ಣ ಬಿರುಕುಗಳು ಏಳುತ್ತವೆ. ಬಿರುಕು ಕಂಡರೆ ಟೈರ್ ಹಳತಾಗಿದೆ ಅನ್ನುವುದು ಖಂಡಿತ. ಕಾಣದಿದ್ದರೆ ಒಳಗೂ ಸರಿ ಇದೆ ಅನ್ನಲು ಬರುವುದಿಲ್ಲ. ಕಾರು ತೊಳೆಯುವವರು ಬಳಿಯುವ ಕಪ್ಪು ಪಾಲಿಶ್ ಅಂತೂ ಬಿರುಕನ್ನು ಮುಚ್ಚುತ್ತದೆಯೇ ಹೊರತು ವಯಸ್ಸನ್ನಲ್ಲ.

ಬಿಸಿ ಜಾಸ್ತಿ ಆದಷ್ಟೂ ಈ ಕೆಲಸ ಬೇಗ ನಡೆಯುತ್ತದೆ. ಸುಮಾರಾಗಿ ಹತ್ತು ಡಿಗ್ರಿ ಏರಿದರೆ ವೇಗ ಎರಡು ಪಟ್ಟಾಗುತ್ತದೆ ಅನ್ನುವುದು ರಸಾಯನಶಾಸ್ತ್ರದಲ್ಲಿ ಬಳಸುವ ಒರಟು ಲೆಕ್ಕ. ಹಾಗಾಗಿ ಚಳಿ ದೇಶದ ಲೆಕ್ಕ ನಮಗೆ ಹೊಂದುವುದಿಲ್ಲ. ಅಮೆರಿಕದ ರಸ್ತೆ ಸುರಕ್ಷತಾ ಇಲಾಖೆ 2007ರಲ್ಲಿ ಅಲ್ಲಿನ ಸಂಸತ್ತಿಗೆ ಕೊಟ್ಟ ವರದಿಯಲ್ಲಿ ಒಂದು ವಿಮಾ ಕಂಪನಿಯ ಅಂಕಿಗಳಿವೆ. ಟೈರ್ ಸಂಬಂಧದ ಕ್ಲೇಮ್‌ಗಳಲ್ಲಿ ನೂರಕ್ಕೆ 77 ಬಂದದ್ದು ಟೆಕ್ಸಸ್, ಕ್ಯಾಲಿಫೋರ್ನಿಯಾ, ಲೂಸಿಯಾನ, ಫ್ಲಾರಿಡಾ, ಅರಿಜೋನಾ ಎಂಬ ಐದು ಬಿಸಿ ರಾಜ್ಯಗಳಿಂದ. ಆ ಕಂಪನಿಯ ಗ್ರಾಹಕರಲ್ಲಿ ಈ ರಾಜ್ಯದವರು ನೂರಕ್ಕೆ 27 ಮಾತ್ರ. ಆ 77ರಲ್ಲೂ ನೂರಕ್ಕೆ 84 ಪಾಲು ಆರು ವರ್ಷ ದಾಟಿದ ಟೈರ್‌ಗಳದ್ದು.

ನಮ್ಮ ಕರಾವಳಿಯಲ್ಲಿ ಹಗಲಿನ ಬಿಸಿ ಬಯಲುಸೀಮೆಯಷ್ಟು ಏರುವುದಿಲ್ಲ ನಿಜ. ಆದರೆ ರಾತ್ರಿಯೂ ತಂಪಾಗುವುದಿಲ್ಲ. ಕಾರವಾರದಲ್ಲಿ ಚಳಿಗಾಲದ ಕೆಲವು ವಾರ ಬಿಟ್ಟರೆ ಟೈರಿಗೆ ವಿಶ್ರಾಂತಿ ಅನ್ನುವುದೇ ಇಲ್ಲ. ಬಿಸಿಲಿಗೆ ನಿಲ್ಲಿಸಿದ ಕಾರಿನ ಮುಚ್ಚಿದ ಡಿಕ್ಕಿ ಇನ್ನೂ ಬಿಸಿ. ಇನ್ನೋವಾದಂಥ ಗಾಡಿಗಳಲ್ಲಿ ಸ್ಟೆಪ್ನಿ ಗಾಡಿಯ ಅಡಿಗೆ ನೇತಾಡುತ್ತದೆ. ಅದಕ್ಕೆ ರಸ್ತೆಯ ಬಿಸಿ, ಕೆಸರು, ಸಮುದ್ರದ ಉಪ್ಪು ಎಲ್ಲವೂ ಸಿಗುತ್ತದೆ. ಉಪ್ಪು ರಬ್ಬರನ್ನು ಅಷ್ಟಾಗಿ ಕೆಡಿಸುವುದಿಲ್ಲ. ಆದರೆ ಎಲ್ಲಾದರೂ ಕಚ್ಚು ಬಿದ್ದು ತಂತಿಯವರೆಗೆ ನೀರು ಇಳಿದರೆ ಕತೆ ಬೇರೆ. ಉಕ್ಕಿನ ತಂತಿಗೆ ಹಿತ್ತಾಳೆಯ ತೆಳು ಲೇಪ ಇರುತ್ತದೆ, ರಬ್ಬರ್ ಹಿಡಿದುಕೊಳ್ಳುವುದು ಆ ಲೇಪವನ್ನು. ತೇವ ಮತ್ತು ಉಪ್ಪು ಸೇರಿ ಆ ಹಿಡಿತವನ್ನೇ ಸಡಿಲಿಸುತ್ತವೆ. ಉಕ್ಕಿನ ರಿಮ್‌ನ ಅಂಚಿಗೆ ತುಕ್ಕು ಹಿಡಿದು ಅಲ್ಲಿಂದ ಗಾಳಿ ಸೋರುವುದಂತೂ ಕರಾವಳಿಯ ಪಂಕ್ಚರ್ ಅಂಗಡಿಗಳಲ್ಲಿ ದಿನದ ಕೆಲಸ.

ಶಿರಸಿ ಕಡೆಯವರು ಕಾರಿನ ವಿಷಯದಲ್ಲಿ ಹೆದರುವುದು ಘಟ್ಟಕ್ಕೆ. ಹಳೇ ಟೈರಿನ ಮಟ್ಟಿಗೆ ಈ ಹೆದರಿಕೆ ಅರ್ಧ ಸರಿ. ಮಳೆಗಾಲದಲ್ಲಿ ದೇವಿಮನೆಯಲ್ಲೋ ಅರಬೈಲಿನಲ್ಲೋ ಇಳಿಯುವಾಗ ಗಡುಸಾದ ರಬ್ಬರ್ ಒದ್ದೆ ರಸ್ತೆಯನ್ನು ಸರಿಯಾಗಿ ಹಿಡಿಯುವುದಿಲ್ಲ. ಬಟನ್ ಆಳ ಇದ್ದರೆ ನೀರು ಹೊರಗೆ ಹೋಗುತ್ತದೆ, ಆದರೆ ರಸ್ತೆಯ ಒರಟಿಗೆ ಅಂಟಿ ಕೂರಬೇಕಾದದ್ದು ರಬ್ಬರ್. ಅದು ಮೆತ್ತಗಿಲ್ಲದಿದ್ದರೆ ಬ್ರೇಕ್ ಹಾಕಿದ ಮೇಲೂ ಗಾಡಿ ಮುಂದಕ್ಕೆ ಜಾರುತ್ತದೆ. ಆದರೆ ಪಟ್ಟಿ ಬಿಡುವ ಅಪಾಯ ಇರುವುದು ಘಟ್ಟದಲ್ಲಿ ಅಲ್ಲ, ಕೆಳಗಿನ ಹೆದ್ದಾರಿ 66ರಲ್ಲಿ. ಘಟ್ಟದಲ್ಲಿ ನಾವು ನಲವತ್ತರಲ್ಲಿ ಹೋಗುತ್ತೇವೆ. ಅಗಲವಾದ ಹೆದ್ದಾರಿಯಲ್ಲಿ ಅದೇ ಕಾರು, ಅದೇ ಟೈರ್ ಎಂಬತ್ತು ತೊಂಬತ್ತರಲ್ಲಿ ನಿಲ್ಲದೇ ಓಡುತ್ತದೆ. ಒಳಗೆ ಹುಟ್ಟುವ ಬಿಸಿ ಆರಲು ಸಮಯವೇ ಸಿಗುವುದಿಲ್ಲ. ಪೇಟೆಗೆ ಹೋಗಿ ಬರುತ್ತಿದ್ದ ಕಾರು ವರ್ಷಕ್ಕೊಮ್ಮೆ ಗೋವಾಕ್ಕೋ ಮಂಗಳೂರಿಗೋ ಹೊರಟಾಗ ಇದೇ ಆಗುವುದು.

ಹಾಗಾದರೆ ಎಷ್ಟು ವರ್ಷ? ಎಲ್ಲ ಕಂಪನಿಗಳೂ ಒಂದೇ ಮಾತು ಹೇಳುವುದಿಲ್ಲ. ಮಿಶೆಲಿನ್‌ನಂಥ ಟೈರ್ ಕಂಪನಿಗಳು ಐದು ವರ್ಷ ಬಳಸಿದ ಮೇಲೆ ವರ್ಷಕ್ಕೊಮ್ಮೆ ತಿಳಿದವರಿಂದ ತೋರಿಸಿ, ಹತ್ತು ವರ್ಷವಾದರೆ ಬಟನ್ ಎಷ್ಟೇ ಇರಲಿ, ಸ್ಟೆಪ್ನಿಯೂ ಸೇರಿ ತೆಗೆದುಹಾಕಿ ಅನ್ನುತ್ತವೆ. ಫೋರ್ಡ್‌ನಂಥ ಕೆಲವು ಕಾರು ಕಂಪನಿಗಳು ಆರು ವರ್ಷಕ್ಕೇ ಬದಲಿಸಲು ಹೇಳಿವೆ. ನಮ್ಮ ಹವೆಗೆ ನಾನು ಆರರ ಪಕ್ಷ. ಆರು ದಾಟಿದ ಟೈರಿನಲ್ಲಿ ಹೆದ್ದಾರಿಯ ದೂರದ ಪ್ರಯಾಣ ಬೇಡ, ಎಂಟು ದಾಟಿದ್ದು ಸ್ಟೆಪ್ನಿಯಾಗಿಯೂ ಬೇಡ. ವರ್ಷ ಎಣಿಸಬೇಕಾದದ್ದು ಟೈರಿನ ಅಂಕಿಯಿಂದ, ಕೊಂಡ ಬಿಲ್ಲಿನಿಂದ ಅಲ್ಲ. ಇದಕ್ಕೊಂದು ಮಿತಿಯೂ ಇದೆ. ಅಂಕಿ ಹುಟ್ಟಿದ ದಿನ ಹೇಳುತ್ತದೆ, ಟೈರ್ ಹೇಗೆ ಬಾಳಿತು ಅಂತ ಹೇಳುವುದಿಲ್ಲ. ಕಡಿಮೆ ಗಾಳಿಯಲ್ಲಿ ಜಾಸ್ತಿ ಭಾರ ಹೊತ್ತ ನಾಲ್ಕು ವರ್ಷದ ಟೈರ್, ನೆರಳಿನಲ್ಲಿ ಸರಿಯಾದ ಗಾಳಿಯಲ್ಲಿದ್ದ ಏಳು ವರ್ಷದ ಟೈರಿಗಿಂತ ಕೆಟ್ಟಿರಬಹುದು. ಉಬ್ಬು, ಬಿರುಕು, ನಡುಕ ಕಂಡರೆ ಅಂಕಿ ಏನೇ ಹೇಳಲಿ, ಆ ಟೈರ್ ಮುಗಿದಂತೆ.

ಕಾನೂನು ನಮಗೆ ಇಲ್ಲಿ ಸಹಾಯ ಮಾಡುವುದಿಲ್ಲ. ಕೇಂದ್ರ ಮೋಟಾರು ವಾಹನ ನಿಯಮಗಳ 94ನೇ ನಿಯಮ ಟೈರಿನ ಸ್ಥಿತಿಯ ಬಗ್ಗೆ ಹೇಳುತ್ತದೆ. ಕಾರಿಗೆ ಬಟನ್ ಆಳ 1.6 ಮಿಲಿಮೀಟರ್‌ಗಿಂತ, ದ್ವಿಚಕ್ರ ತ್ರಿಚಕ್ರಕ್ಕೆ 0.8 ಮಿಲಿಮೀಟರ್‌ಗಿಂತ ಕಡಿಮೆ ಇರಬಾರದು. ವಯಸ್ಸಿಗೆ ಮಿತಿ ಇಲ್ಲ. ಹನ್ನೆರಡು ವರ್ಷದ ಟೈರ್ ಹಾಕಿಕೊಂಡ ಬಸ್ಸು, ಬಟನ್ ಇದೆ ಅನ್ನುವ ಕಾರಣಕ್ಕೆ ಈ ಅಳತೆಯಲ್ಲಿ ಪಾಸಾಗುತ್ತದೆ. ನನ್ನ ಪ್ರಕಾರ ಇದು ದೊಡ್ಡ ಕೊರತೆ. ಕನಿಷ್ಠ ಜನ ತುಂಬಿಕೊಂಡು ಹೋಗುವ ಗಾಡಿಗಳ ಮುಂದಿನ ಚಕ್ರಕ್ಕಾದರೂ ಮಿತಿ ಬೇಕು.

ಬ್ರಿಟನ್ ಈ ಪಾಠವನ್ನು ದುಬಾರಿ ಬೆಲೆ ಕೊಟ್ಟು ಕಲಿಯಿತು. 2012ರ ಸೆಪ್ಟೆಂಬರ್‌ನಲ್ಲಿ ಸಂಗೀತ ಉತ್ಸವ ಮುಗಿಸಿ ಮನೆಗೆ ಮರಳುತ್ತಿದ್ದವರ ಬಸ್ಸಿನ ಮುಂದಿನ ಟೈರ್ ಸರ್ರೆ ಎಂಬಲ್ಲಿ ಒಡೆಯಿತು. ಮೂವರು ಸತ್ತರು. ಆ ಟೈರಿಗೆ ಹತ್ತೊಂಬತ್ತು ವರ್ಷ ದಾಟಿತ್ತು. ಸತ್ತವರಲ್ಲಿ ಒಬ್ಬ ಹುಡುಗನಿಗೆ ಹದಿನೆಂಟು. ಬಟನ್ ಮಾತ್ರ ಕಾನೂನಿನ ಅಳತೆಗೆ ಸರಿಯಾಗಿತ್ತು. ಆ ಹುಡುಗನ ತಾಯಿ ವರ್ಷಗಟ್ಟಲೆ ಹೋರಾಡಿದರು. ಕೊನೆಗೆ 2021ರ ಫೆಬ್ರವರಿ 1ರಿಂದ ಅಲ್ಲಿ ಲಾರಿ, ಬಸ್ಸುಗಳ ಮುಂದಿನ ಚಕ್ರಕ್ಕೂ, ಮಿನಿಬಸ್ಸಿನ ಒಂಟಿ ಚಕ್ರಗಳಿಗೂ ಹತ್ತು ವರ್ಷ ದಾಟಿದ ಟೈರ್ ಹಾಕುವಂತಿಲ್ಲ. ಟೈರ್ ಮೇಲೆ ತಾರೀಕು ಓದಲು ಬರುವಂತೆ ಇರಬೇಕು ಅಂತಲೂ ನಿಯಮ ಬಂತು.

ಇನ್ನು ಅಂಗಡಿಯಲ್ಲಿ ಕೊಳ್ಳುವಾಗಿನ ಮಾತು. ಹೊಸ ಟೈರ್ ಅಂದರೆ ನಿನ್ನೆ ಮೊನ್ನೆ ತಯಾರಾದದ್ದು ಅಂತ ಹಟ ಹಿಡಿಯುವುದೂ ಸರಿಯಲ್ಲ. ರಿಮ್‌ಗೆ ಹಾಕದ ಟೈರಿನೊಳಗೆ ಒತ್ತಡದ ಗಾಳಿ ಇರುವುದಿಲ್ಲ. ತಂಪಾದ ಕತ್ತಲ ಗೋದಾಮಿನಲ್ಲಿ ನೆಟ್ಟಗೆ ನಿಲ್ಲಿಸಿದ್ದರೆ ಅದು ಹಳತಾಗುವುದು ಬಹಳ ನಿಧಾನ. ಒಂದು ವರ್ಷದ ಒಳಗಿನದು ಸಿಕ್ಕರೆ ಒಳ್ಳೆಯದು. ಒಳಗೆ ಇಟ್ಟದ್ದಾದರೆ ಎರಡು ವರ್ಷದವರೆಗೂ ನಾನು ತಕರಾರು ಮಾಡುವುದಿಲ್ಲ. ಮೂರು ದಾಟಿದ್ದನ್ನು ರಿಯಾಯಿತಿ ಕೊಟ್ಟರೂ ತೆಗೆದುಕೊಳ್ಳುವುದಿಲ್ಲ. ಆರು ವರ್ಷದ ಲೆಕ್ಕದಲ್ಲಿ ಅರ್ಧ ಅಲ್ಲೇ ಹೋಯಿತಲ್ಲ!

ಸಣ್ಣ ಊರಿನಲ್ಲಿ ಗಮನಿಸಬೇಕಾದದ್ದು ಎರಡು. ಹಳೇ ಮಾದರಿಯ ಕಾರುಗಳ ಸಣ್ಣ ಅಳತೆಯ ಟೈರ್ ಹೆಚ್ಚು ಖರ್ಚಾಗುವುದಿಲ್ಲ, ವರ್ಷಗಟ್ಟಲೆ ಅಂಗಡಿಯಲ್ಲೇ ಉಳಿದಿರುತ್ತದೆ. ಅಂಥ ಅಳತೆ ನಿಮ್ಮದಾದರೆ ಅಂಕಿ ಕೇಳಿಕೊಂಡೇ ತರಿಸಿ. ಎರಡನೆಯದು, ಅಂಗಡಿಯ ಮುಂದೆ ತೋರಿಕೆಗೆ ನೇತು ಹಾಕಿದ ಟೈರ್. ದಿನವಿಡೀ ಬಿಸಿಲು, ಪಕ್ಕದಲ್ಲಿ ಕಂಪ್ರೆಸರ್ ಮೋಟರು, ಕೆಲವು ಕಡೆ ವೆಲ್ಡಿಂಗ್. ಮೋಟರಿನ ಕಿಡಿ, ವೆಲ್ಡಿಂಗ್ ಎರಡರಿಂದಲೂ ಓಝೋನ್ ಹುಟ್ಟುತ್ತದೆ. ಆ ಟೈರನ್ನು ಇಳಿಸಿ ಕೊಡಲು ಬಂದರೆ ಒಳಗಿನದು ಕೊಡಿ ಅನ್ನಿ. ಅಂಕಿಯನ್ನು ರಿಮ್‌ಗೆ ಹಾಕುವ ಮೊದಲೇ ನೋಡಿ, ಬಿಲ್ಲಿನ ಮೇಲೆ ಬರೆಸಿಕೊಳ್ಳಿ. ನಾಲ್ಕು ಟೈರ್ ಕೊಂಡರೆ ನಾಲ್ಕನ್ನೂ ನೋಡಿ. ಮೂರು ಹೊಸದರ ಜೊತೆ ಒಂದು ಹಳೆಯದು ಸೇರಿಕೊಳ್ಳುವುದು ಕಷ್ಟವೇನಲ್ಲ. ಸೆಕೆಂಡ್ ಹ್ಯಾಂಡ್ ಟೈರಿನಲ್ಲಂತೂ ‘ಸ್ಟೆಪ್ನಿ ಸಾರ್, ಓಡೇ ಇಲ್ಲ’ ಅನ್ನುವ ಮಾತಿಗೆ ಈಗ ಉತ್ತರ ಗೊತ್ತಿದೆ. ಸೆಕೆಂಡ್ ಹ್ಯಾಂಡ್ ಕಾರು ನೋಡಲು ಹೋದಾಗಲೂ ಐದೂ ಟೈರಿನ ಅಂಕಿ ನೋಡಿ. ಹಳತಾಗಿದ್ದರೆ ಹೊಸ ಟೈರಿನ ಬೆಲೆಯನ್ನು ಕಾರಿನ ಬೆಲೆಯಿಂದ ಕಳೆಯಿರಿ.

ಬಂಕಿನಲ್ಲಿ ನೈಟ್ರೋಜನ್ ತುಂಬಿಸಿದರೆ ಆಯಸ್ಸು ಉಳಿಯುತ್ತದಾ ಅಂತ ಕೆಲವರು ಕೇಳುತ್ತಾರೆ. ಆಮ್ಲಜನಕ ಪೂರ್ತಿ ತೆಗೆದರೆ ಒಳಗಿನಿಂದ ಆಗುವ ಕೆಡುಕು ಕಡಿಮೆಯಾಗುತ್ತದೆ, ಅದು ನಿಜ. ಆದರೆ ಮೊದಲಿದ್ದ ಗಾಳಿಯನ್ನು ಚೆನ್ನಾಗಿ ಖಾಲಿ ಮಾಡದೇ ಮೇಲಿಂದ ತುಂಬಿದರೆ ಆಮ್ಲಜನಕ ಅಲ್ಲೇ ಉಳಿಯುತ್ತದೆ. ಬಿಸಿಲು, ಹೊರಗಿನ ಗಾಳಿ ಹೇಗೂ ಇವೆ. ನೈಟ್ರೋಜನ್ ತುಂಬಿದ ಎಂಟು ವರ್ಷದ ಟೈರೂ ಎಂಟು ವರ್ಷದ್ದೇ.

ಶೆಡ್ಡಿನಲ್ಲೇ ನಿಲ್ಲುವ ಕಾರಿಗೆ ದೊಡ್ಡ ಉಪಚಾರ ಬೇಡ. ತಿಂಗಳಿಗೊಮ್ಮೆ ಗಾಳಿ ನೋಡಿ, ವಾರ ಎರಡು ವಾರಕ್ಕೊಮ್ಮೆ ಹತ್ತಿಪ್ಪತ್ತು ಕಿಲೋಮೀಟರ್ ಓಡಿಸಿ, ಚಕ್ರದ ಮೇಲೆ ಬಿಸಿಲು ಬೀಳದಂತೆ ನಿಲ್ಲಿಸಿ. ಇದರಿಂದ ಟೈರ್ ಹಳತಾಗುವುದು ನಿಧಾನವಾಗುತ್ತದೆ, ನಿಲ್ಲುವುದಿಲ್ಲ.

ಸ್ಟೆಪ್ನಿಯ ವಿಷಯಕ್ಕೆ ಮಾಸ್ತರ್ರು ಈಗ ಮಾಡುತ್ತಿರುವ ಕೆಲಸ ನನಗೆ ಸರಿ ಕಂಡಿದೆ. ಅವರ ಕಾರಿನಲ್ಲಿ ಐದೂ ರಿಮ್, ಐದೂ ಟೈರ್ ಒಂದೇ ಅಳತೆಯವು. ಹಾಗಾಗಿ ಸರ್ವಿಸ್‌ಗೆ ಬಿಟ್ಟಾಗ ಟೈರ್ ಅದಲು ಬದಲು ಮಾಡುವಾಗ ಸ್ಟೆಪ್ನಿಯನ್ನೂ ಸೇರಿಸುತ್ತಾರೆ. ಐದೂ ಸಮನಾಗಿ ಸವೆಯುತ್ತವೆ, ಐದೂ ಒಟ್ಟಿಗೆ ಬದಲಾಗುತ್ತವೆ, ಡಿಕ್ಕಿಯಲ್ಲಿ ಯಾವುದೂ ಸುಮ್ನೆ ಮುದಿಯಾಗುವುದಿಲ್ಲ. ಒಂದೇ ದಿಕ್ಕಿಗೆ ಉರುಳಬೇಕು ಅಂತ ಬಾಣದ ಗುರುತು ಇರುವ ಟೈರ್‌ಗಳಿಗೆ, ಸ್ಟೆಪ್ನಿ ಸಣ್ಣ ಅಳತೆಯದಾಗಿರುವ ಕಾರುಗಳಿಗೆ ಈ ಕ್ರಮ ಆಗುವುದಿಲ್ಲ. ಅಂಥವರು ಸ್ಟೆಪ್ನಿಯ ಅಂಕಿಯನ್ನು ಬರೆದಿಟ್ಟುಕೊಂಡು ಆರನೇ ವರ್ಷಕ್ಕೆ ತೋರಿಸುವುದೇ ದಾರಿ.

ಪಂಕ್ಚರ್ ಆದ ಹೊತ್ತಿಗೆ ಡಿಕ್ಕಿ ತೆಗೆದಾಗಲೇ ಸ್ಟೆಪ್ನಿ ಹಳೆಯದು ಅಂತ ಗೊತ್ತಾದರೆ, ಬೇರೆ ಉಪಾಯ ಇಲ್ಲದಿದ್ದರೆ ಹಾಕಿಕೊಳ್ಳಿ. ಆದರೆ ಮೊದಲು ಉಬ್ಬು, ಬಿರುಕು ಇದೆಯಾ ನೋಡಿ, ಇದ್ದರೆ ಹಾಕಲೇಬೇಡಿ, ಪಂಕ್ಚರ್ ಅಂಗಡಿಯವರನ್ನೇ ಕರೆಸಿ. ಹಾಕಿದ ಮೇಲೆ ಗಾಳಿ ಸರಿ ಮಾಡಿಸಿ. ಸಾಧ್ಯವಾದರೆ ಒಂದಿಬ್ಬರನ್ನು, ಭಾರದ ಸಾಮಾನನ್ನು ಬೇರೆ ಗಾಡಿಗೆ ಹತ್ತಿಸಿ. ವೇಗ ಐವತ್ತು ದಾಟದಂತೆ ಎಡಕ್ಕೆ ಹಿಡಿದು ಹತ್ತಿರದ ಪಂಕ್ಚರ್ ಅಂಗಡಿಯವರೆಗೆ ಮಾತ್ರ ಹೋಗಿ, ಅಲ್ಲಿ ಮೊದಲಿನ ಟೈರನ್ನು ಸರಿ ಮಾಡಿಸಿ ಹಾಕಿಸಿಕೊಂಡು ಮುಂದೆ ಹೊರಡಿ. ಮದುವೆಗೆ ತಡವಾದರೂ ಅಡ್ಡಿಯಿಲ್ಲ. ದಾರಿಯಲ್ಲಿ ಸ್ಟೇರಿಂಗ್ ನಡುಗಿದರೆ ಬ್ರೇಕನ್ನು ಗಟ್ಟಿ ಒತ್ತಬೇಡಿ. ಸ್ಟೇರಿಂಗ್ ನೇರ ಹಿಡಿದು, ಆಕ್ಸಿಲೇಟರ್‌ನಿಂದ ಕಾಲು ತೆಗೆದು, ವೇಗ ತಾನಾಗಿ ಇಳಿದ ಮೇಲೆ ರಸ್ತೆಯ ಬದಿಗೆ ನಿಲ್ಲಿಸಿ.